ಕಣ್ಣು ಓಡುತ್ತದೆ, ಕಾಲು ಓಡಬಾರದು

ಪ್ರಶ್ನೆ: ರೆಮ್ ನಿದ್ದೆ ಅಂದರೆ ಏನು, ಆಗ ಮೆದುಳು ಏನು ಮಾಡುತ್ತಿರುತ್ತದೆ? ಮಂಡ್ಯದಲ್ಲಿರುವ ನಮ್ಮ ಮಾವನಿಗೆ 64 ವರ್ಷ. ಬೆಳಗಿನ ಜಾವ ನಿದ್ದೆಯಲ್ಲೇ ಕೂಗುತ್ತಾರೆ, ಕೈಕಾಲು ಬಡಿಯುತ್ತಾರೆ. ಡಾಕ್ಟರ್ ‘ರೆಮ್ ನಿದ್ದೆಯ ತೊಂದರೆ ಇರಬಹುದು’ ಅಂದರು.

ನಾನು ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನಿದ್ದೆ ಪರೀಕ್ಷೆ ಮಾಡುವ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಒಂಬತ್ತು ವರ್ಷದಿಂದ ಜನ ಒಂದು ಕೋಣೆಯಲ್ಲಿ ಮಲಗುತ್ತಾರೆ, ಪಕ್ಕದ ಕೋಣೆಯಲ್ಲಿ ನಾನು ಅವರ ಮೆದುಳಿನ ಗೆರೆಗಳನ್ನು ನೋಡುತ್ತಾ ಎದ್ದಿರುತ್ತೇನೆ. ನಿಮ್ಮ ಮಾವನಂಥವರೇ ಒಬ್ಬರು ಪಾಂಡವಪುರದ ಕಡೆಯಿಂದ ಬಂದಿದ್ದರು. ಅವರ ಒಂದು ರಾತ್ರಿಯನ್ನು ಹೇಳಿದರೆ ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಸಿಗಬಹುದು.

ಅವರಿಗೆ 66 ವರ್ಷ, ಕಬ್ಬು ಬೆಳೆಯುವ ರೈತರು. ಜೊತೆಗೆ ಬಂದಿದ್ದ ಅಜ್ಜಿಯ ಕಣ್ಣಿನ ಪಕ್ಕ ನೀಲಿಗಟ್ಟಿತ್ತು. ನಾನು ಕೇಳುವ ಮೊದಲೇ ಅಜ್ಜಿ ಹೇಳಿದರು: “ಹಗಲೊತ್ತು ಒಂದ್ ಮಾತ್ ಜೋರಾಗಿ ಆಡೋರಲ್ಲ ಕಣಪ್ಪಾ ಇವ್ರು. ನಿದ್ದೇಲಿ ಹಿಂಗ್ ಗುದ್ತಾರೆ.” ತಾತ ತಲೆ ತಗ್ಗಿಸಿ ಕೂತಿದ್ದರು. ಯಂತ್ರ ಕಟ್ಟಿಸಿ ಆಗಿತ್ತಂತೆ, ಮನೆ ದೇವರಿಗೆ ಹರಕೆಯೂ ಆಗಿತ್ತಂತೆ.

ಪರೀಕ್ಷೆಗೆ ನಾವು ಮೈಗೆಲ್ಲ ವೈರ್ ಅಂಟಿಸುತ್ತೇವೆ. ತಲೆಯ ಮೇಲಿನವು ಮೆದುಳಿನ ಅಲೆ ಹಿಡಿಯುತ್ತವೆ. ಎರಡೂ ಕಣ್ಣಿನ ಹೊರ ಅಂಚಿನಲ್ಲಿರುವವು ಕಣ್ಣುಗುಡ್ಡೆ ಯಾವ ಕಡೆ ತಿರುಗಿತು ಅಂತ ಹೇಳುತ್ತವೆ. ಗದ್ದದ ಕೆಳಗೆ ಮತ್ತು ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಅಂಟಿಸುವವು ಮಾಂಸಖಂಡದ ಬಿಗಿ ತೋರಿಸುತ್ತವೆ. ಇಂಥ ಅನುಮಾನ ಇದ್ದವರಿಗೆ ಮುಂಗೈಗೂ ಹಾಕುತ್ತೇವೆ. ಜೊತೆಗೆ ಉಸಿರಾಟದ ಪಟ್ಟಿ, ಮತ್ತೆ ಕತ್ತಲಲ್ಲೂ ಕಾಣುವ ಕ್ಯಾಮೆರಾ. ನೆನಪಿಡಬೇಕಾದದ್ದು ಮೂರು ಗೆರೆ: ಮೆದುಳು, ಕಣ್ಣು, ಗದ್ದ.

ತಾತ ಹತ್ತೂವರೆ ಹೊತ್ತಿಗೆ ನಿದ್ದೆಗೆ ಜಾರಿದರು. ಮೊದಲು ಮೆದುಳಿನ ಅಲೆ ನಿಧಾನವಾಗುತ್ತಾ, ದೊಡ್ಡದಾಗುತ್ತಾ ಹೋಯಿತು. ಅದು ಗಾಢ ನಿದ್ದೆ. ಸುಮಾರು ಒಂದೂವರೆ ಗಂಟೆ ಕಳೆದ ಮೇಲೆ ಚಿತ್ರ ಬದಲಾಯಿತು. ಅಲೆಗಳು ಸಣ್ಣದಾಗಿ, ಚುರುಕಾದವು, ಹೆಚ್ಚುಕಮ್ಮಿ ಎಚ್ಚರವಿದ್ದವರ ಹಾಗೆ. ಕಣ್ಣಿನ ಗೆರೆ ಸುಮ್ಮನೆ ಇದ್ದದ್ದು ತಟಕ್ಕನೆ ಎಡಕ್ಕೆ ಬಲಕ್ಕೆ ಜಿಗಿಯತೊಡಗಿತು. ಇದೇ ರೆಮ್ ನಿದ್ದೆ. ಮುಚ್ಚಿದ ರೆಪ್ಪೆಯೊಳಗೆ ಕಣ್ಣು ವೇಗವಾಗಿ ಓಡಾಡುವುದಕ್ಕೇ, ಇಂಗ್ಲಿಷಿನ ‘ರ‍್ಯಾಪಿಡ್ ಐ ಮೂವ್‌ಮೆಂಟ್’ನ ಮೊದಲ ಅಕ್ಷರಗಳಿಂದ ಆ ಹೆಸರು ಬಂದಿದೆ.

1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ಅವರ ಗುರು ನಥಾನಿಯಲ್ ಕ್ಲೈಟ್‌ಮನ್ ಇದನ್ನು ಪ್ರಕಟಿಸಿದರು. ಅಸೆರಿನ್‌ಸ್ಕಿ ಆಗ ಇನ್ನೂ ವಿದ್ಯಾರ್ಥಿ, ತಮ್ಮ ಚಿಕ್ಕ ಮಗನನ್ನೇ ಮಲಗಿಸಿ ವೈರ್ ಅಂಟಿಸಿದ್ದರು. ಗೆರೆ ಜಿಗಿಯುವುದನ್ನು ಕಂಡಾಗ ಯಂತ್ರ ಕೆಟ್ಟಿರಬೇಕು ಅಂತಲೇ ಮೊದಲು ಅನುಮಾನ ಬಂದಿತ್ತು. ಅವರದು ತಪ್ಪಲ್ಲ ಬಿಡಿ. ರಾತ್ರಿ ಹನ್ನೆರಡಕ್ಕೆ ಅಂಥದ್ದು ಕಂಡರೆ ನಾನೂ ಮೊದಲು ವೈರನ್ನೇ ಬೈತೀನಿ. ಆ ಹೊತ್ತಲ್ಲಿ ಎಬ್ಬಿಸಿ ಕೇಳಿದರೆ ಬಹಳ ಸಲ ಜನ ವಿವರವಾದ ಕನಸು ಹೇಳಿದರು.

ಒಂದು ರಾತ್ರಿಗೆ ಇಂಥ ಸುತ್ತು ನಾಲ್ಕೈದು ಬರುತ್ತದೆ, ಸುಮಾರು 90 ನಿಮಿಷಕ್ಕೊಂದು. ಮೊದಲ ಸಲ ರೆಮ್ ಹತ್ತು ನಿಮಿಷದಲ್ಲಿ ಮುಗಿಯಬಹುದು. ಬೆಳಗಿನ ಜಾವದ್ದು ಅರ್ಧ ಗಂಟೆಗೂ ಜಾಸ್ತಿ ಇರಬಹುದು. ನಿಮ್ಮ ಮಾವ ಬೆಳಗಿನ ಜಾವವೇ ಕೂಗುವುದು ಕಾಕತಾಳೀಯ ಅಲ್ಲ ಅಂತ ನನಗೆ ಅನಿಸುವುದು ಇದಕ್ಕೇ.

ಈಗ ಮೂರನೇ ಗೆರೆ, ಗದ್ದದ್ದು. ಆರೋಗ್ಯವಂತರಲ್ಲಿ ರೆಮ್ ಶುರುವಾದ ಕೂಡಲೇ ಇದು ರೂಲರ್ ಇಟ್ಟು ಎಳೆದ ಹಾಗೆ ಚಪ್ಪಟೆಯಾಗುತ್ತದೆ. ಬರೀ ಗದ್ದ ಅಲ್ಲ, ಕೈ, ಕಾಲು, ಕುತ್ತಿಗೆ, ಬೆನ್ನು ಎಲ್ಲವೂ ಬಿಗಿ ಕಳೆದುಕೊಳ್ಳುತ್ತವೆ. ಉಸಿರಾಡಿಸುವ ವಪೆ ಮತ್ತು ಕಣ್ಣು ತಿರುಗಿಸುವ ಸ್ನಾಯುಗಳಿಗೆ ಮಾತ್ರ ರಿಯಾಯಿತಿ. ಮೆದುಳು ಎಚ್ಚರದ ಹಾಗಿದೆ, ದೇಹ ಸತ್ತ ಹಾಗಿದೆ. ಫ್ರಾನ್ಸಿನ ಲಿಯಾನ್ ನಗರದ ಮಿಶೆಲ್ ಜುವೆ ಇದಕ್ಕೆ ‘ವಿರೋಧಾಭಾಸದ ನಿದ್ದೆ’ ಅಂತಲೇ ಹೆಸರಿಟ್ಟರು.

ಇದು ಸುಸ್ತಿನಿಂದ ಬರುವ ಸಡಿಲ ಅಲ್ಲ. ಮೆದುಳೇ ಕುಳಿತು ಹಾಕುವ ಬೀಗ. ತಲೆಯ ಹಿಂಭಾಗದಲ್ಲಿ, ಮೆದುಳು ಬೆನ್ನುಹುರಿಯನ್ನು ಸೇರುವ ಕಾಂಡದಂಥ ಭಾಗ ಇದೆ. ಅದರ ನಡುವಿನ ಪಾನ್ಸ್ ಎಂಬ ಜಾಗದ ಒಂದು ಪುಟ್ಟ ಗುಂಪು ನರಕೋಶಗಳು ರೆಮ್ ಹೊತ್ತಿನಲ್ಲಿ ಕೆಳಕ್ಕೆ ಆಜ್ಞೆ ಕಳಿಸುತ್ತವೆ. ಅದರಿಂದ ಬೆನ್ನುಹುರಿಯಲ್ಲಿ ಗ್ಲೈಸಿನ್ ಮತ್ತು ಗಾಬಾ ಎಂಬ ರಾಸಾಯನಿಕಗಳು ಸುರಿದು, ಸ್ನಾಯುಗಳನ್ನು ಆಡಿಸುವ ನರಕೋಶಗಳ ಬಾಯಿ ಮುಚ್ಚಿಸುತ್ತವೆ. ಮೇಲಿನಿಂದ ‘ಓಡು’ ಅಂತ ಆಜ್ಞೆ ಬರುತ್ತದೆ, ಕಾಲಿಗೆ ತಲುಪುವುದಿಲ್ಲ. ನಾಲೆಯಲ್ಲಿ ನೀರು ಬಿಟ್ಟಿದ್ದಾರೆ, ನಿಮ್ಮ ಗದ್ದೆಯ ತೂಬು ಮಾತ್ರ ಮುಚ್ಚಿದೆ ಅಂದುಕೊಳ್ಳಿ. ಅಲ್ಲಿಲ್ಲಿ ಸ್ವಲ್ಪ ಸೋರುತ್ತದೆ. ಮಲಗಿದ ನಾಯಿಯ ಪಂಜ ಅದುರುವುದನ್ನು ನೋಡಿದ್ದೀರಲ್ವಾ, ಅಷ್ಟೇ.

ಜುವೆ 1960ರ ದಶಕದಲ್ಲಿ ಬೆಕ್ಕುಗಳ ಪಾನ್ಸ್‌ನಲ್ಲಿ ಈ ಜಾಗಕ್ಕೆ ಗಾಯ ಮಾಡಿ ನೋಡಿದರು. ರೆಮ್ ಬಂದಾಗ ಬೆಕ್ಕುಗಳು ನಿದ್ದೆಯಲ್ಲೇ ಎದ್ದವು, ಇಲ್ಲದ ಬೇಟೆಯ ಮೇಲೆ ಹಾರಿದವು. ಇಪ್ಪತ್ತು ವರ್ಷದ ಮೇಲೆ, 1986ರಲ್ಲಿ, ಅಮೆರಿಕದ ಮಿನೆಸೋಟದ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೋವಾಲ್ಡ್ ಇದೇ ತೊಂದರೆಯನ್ನು ಮನುಷ್ಯರಲ್ಲಿ ವಿವರಿಸಿದರು. ‘ರೆಮ್ ನಿದ್ದೆಯ ವರ್ತನೆಯ ತೊಂದರೆ’ ಅನ್ನುವುದು ಅದನ್ನೇ.

ನಮ್ಮ ತಾತನ ವಿಷಯಕ್ಕೆ ಬರುತ್ತೇನೆ. ಮೊದಲ ರೆಮ್‌ನಲ್ಲೇ ಗದ್ದದ ಗೆರೆ ಚಪ್ಪಟೆಯಾಗಲಿಲ್ಲ. ಒರಟಾಗಿ, ಜಾಲಿಮುಳ್ಳಿನ ಬೇಲಿಯ ಹಾಗಿತ್ತು. ಬೆರಳುಗಳು ಆಡುತ್ತಿದ್ದವು, ಅಷ್ಟೇ. ನಾಲ್ಕು ಗಂಟೆ ದಾಟಿದ ಮೇಲೆ, ಕಣ್ಣು ಜೋರಾಗಿ ಓಡುತ್ತಿದ್ದಾಗ, ಇದ್ದಕ್ಕಿದ್ದಂತೆ “ಹೋಯ್, ಹೋಯ್” ಅಂತ ಕೂಗಿದರು. ಬಲಗೈ ಎತ್ತಿ ಎರಡು ಸಲ ಬೀಸಿದರು, ಕಾಲಿನಿಂದ ಗೋಡೆಗೆ ಒದ್ದರು. ನಾನು ಓಡಿ ಹೋಗಿ ಹೆಸರು ಹಿಡಿದು ಕರೆದೆ. ತಕ್ಷಣ ಎಚ್ಚರವಾದರು, ಗೊಂದಲವೇ ಇಲ್ಲ. “ಹಂದಿ ಬಂದಿದ್ವು ಕಣಪ್ಪಾ, ಕಬ್ಬಿನ್ ಗದ್ದೆಗೆ. ಓಡುಸ್ತಿದ್ದೆ” ಅಂದರು. ಕ್ಯಾಮೆರಾದಲ್ಲಿ ಕಂಡದ್ದಕ್ಕೂ ಕನಸಿಗೂ ತಾಳೆ ಸರಿಯಾಗಿತ್ತು. ಅಜ್ಜಿಗೆ ಬಿದ್ದ ಗುದ್ದು ಯಾರಿಗೆ ಉದ್ದೇಶಿಸಿದ್ದು ಅಂತ ಆಗ ಗೊತ್ತಾಯಿತು.

ಆ ಹೊತ್ತಿನಲ್ಲಿ ಮೆದುಳಿನ ಒಳಗೆ ಏನಾಗುತ್ತಿರುತ್ತದೆ? ಸ್ಕ್ಯಾನ್ ಮಾಡಿ ನೋಡಿದವರಿಗೆ ಕಂಡದ್ದು ಇದು: ಭಯ, ಕೋಪಗಳನ್ನು ನಿಭಾಯಿಸುವ ಅಮಿಗ್ಡಲ ಮತ್ತು ಅದರ ಸುತ್ತಲಿನ ಭಾಗಗಳು ಜೋರಾಗಿ ಕೆಲಸ ಮಾಡುತ್ತವೆ. ಹಣೆಯ ಹಿಂದೆ, ‘ಇದು ನಿಜವಾ?’ ಅಂತ ತೂಗಿ ನೋಡುವ ಭಾಗ ಮಂಕಾಗಿರುತ್ತದೆ. ಸತ್ತುಹೋದ ಅಜ್ಜ ಕನಸಿನಲ್ಲಿ ಬಂದು ಕಾಫಿ ಕೇಳಿದರೂ ನಮಗೆ ವಿಚಿತ್ರ ಅನಿಸದಿರುವುದಕ್ಕೆ ಇದೇ ಕಾರಣ ಇರಬಹುದು. ರಾಸಾಯನಿಕವೂ ಬೇರೆಯೇ. ಅಸಿಟೈಲ್‌ಕೋಲಿನ್ ಎಚ್ಚರದಲ್ಲಿ ಇರುವಷ್ಟೇ ಹರಿಯುತ್ತದೆ. ನಮ್ಮನ್ನು ಜಾಗೃತವಾಗಿಡುವ ನಾರ್‌ಅಡ್ರಿನಲಿನ್ ಮತ್ತು ಸೆರೊಟೊನಿನ್ ಕೋಶಗಳು ಮಾತ್ರ ಬಹುತೇಕ ಮೌನ.

ಇದೆಲ್ಲ ಯಾಕೆ ಅನ್ನುವುದು ಕಷ್ಟದ ಪ್ರಶ್ನೆ. ನೆನಪು ಗಟ್ಟಿ ಮಾಡುವುದಕ್ಕೆ ಅನ್ನುವ ವಾದ ಇದೆ. 2016ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಲಿಗಳ ರೆಮ್ ಹೊತ್ತಿನ ಒಂದು ಲಯವನ್ನು ಮಾತ್ರ ಬೆಳಕಿನಿಂದ ತಡೆದರು, ನಿದ್ದೆ ಕೆಡಿಸಲಿಲ್ಲ. ಹಿಂದಿನ ದಿನ ಕಲಿತ ಜಾಗದ ನೆನಪು ಮಸುಕಾಯಿತು. ಇನ್ನೊಂದು ಕಡೆ, ಖಿನ್ನತೆಯ ಕೆಲವು ಔಷಧಗಳು ರೆಮ್ ಅನ್ನು ಬಹಳ ಕಡಿಮೆ ಮಾಡುತ್ತವೆ, ಆದರೂ ಅದನ್ನು ವರ್ಷಗಟ್ಟಲೆ ತೆಗೆದುಕೊಂಡವರ ನೆನಪು ಅಳಿಸಿ ಹೋಗುವುದಿಲ್ಲ. ಹಾಗಾಗಿ ‘ರೆಮ್ ಇಲ್ಲದಿದ್ದರೆ ಮರೆವು’ ಅಂತ ಯಾರಾದರೂ ಖಚಿತವಾಗಿ ಹೇಳಿದರೆ ನಾನು ನಂಬುವುದಿಲ್ಲ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಎಳೆಗೂಸು. ಅದರ ನಿದ್ದೆಯಲ್ಲಿ ಅರ್ಧ ಭಾಗ ರೆಮ್ ಥರದ್ದು, ನಮ್ಮದರಲ್ಲಿ ಕಾಲು ಭಾಗಕ್ಕಿಂತ ಕಡಿಮೆ. ಬೆಳೆಯುವ ಮೆದುಳು ತನ್ನ ವೈರಿಂಗ್ ಕಟ್ಟಿಕೊಳ್ಳುವುದಕ್ಕೂ ಇದಕ್ಕೂ ನಂಟಿದೆ ಅನ್ನುವವರ ಮಾತು ನನಗೆ ಸರಿ ಅನಿಸುತ್ತದೆ.

ನಿಮ್ಮ ಮಾವನದು ಇದೇ ತೊಂದರೆ ಅಂತ ನಾನು ಹೇಳಲಾರೆ, ಯಾಕೆಂದರೆ ಹೊರಗಿನಿಂದ ಹೀಗೇ ಕಾಣುವ ಬೇರೆಯವೂ ಇವೆ. ಮಲಗಿದ ಒಂದೆರಡು ಗಂಟೆಯಲ್ಲೇ ಚೀರಿ ಎದ್ದು, ಕರೆದರೂ ಗುರುತು ಹಿಡಿಯದೆ, ಬೆಳಿಗ್ಗೆ ಏನೂ ನೆನಪಿಲ್ಲದಿದ್ದರೆ ಅದು ಗಾಢ ನಿದ್ದೆಯ ತೊಂದರೆ. ಮಕ್ಕಳಲ್ಲಿ ಜಾಸ್ತಿ. ಜೋರು ಗೊರಕೆಯ ನಡುವೆ ಉಸಿರು ನಿಂತು, ಏದುಸಿರಿನಲ್ಲಿ ಕೈ ಬೀಸುವವರೂ ಇದ್ದಾರೆ. ಅವರಿಗೆ ರಾತ್ರಿ ಮುಖಕ್ಕೆ ಗಾಳಿಯ ಮಾಸ್ಕ್ ಹಾಕಿದರೆ ಗಲಾಟೆಯೂ ನಿಲ್ಲಬಹುದು. ಮೇಲೆ ಹೇಳಿದ ಖಿನ್ನತೆಯ ಔಷಧಗಳೂ ಈ ಬೀಗ ಸಡಿಲ ಮಾಡಬಲ್ಲವು. ಅದಕ್ಕೇ ಒಂದು ರಾತ್ರಿಯ ಪರೀಕ್ಷೆ ಬೇಕು, ಗದ್ದದ ಗೆರೆ ನೋಡಲೇಬೇಕು.

ಇನ್ನೊಂದು ಮಾತು ಮುಚ್ಚಿಡುವುದು ಸರಿಯಲ್ಲ. ಬೇರೆ ಕಾರಣ ಇಲ್ಲದೆ, ಐವತ್ತು ದಾಟಿದವರಲ್ಲಿ ಈ ರೆಮ್ ತೊಂದರೆ ಬಂದರೆ ಮುಂದೆ ಪಾರ್ಕಿನ್‌ಸನ್ಸ್ ಅಥವಾ ಅದರ ನೆಂಟನಂಥ ಮರೆವಿನ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ಹಲವು ದೇಶಗಳ 1,280 ಜನರನ್ನು ಹಿಂಬಾಲಿಸಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷಕ್ಕೆ ನೂರಕ್ಕೆ ಆರು ಮಂದಿಯಷ್ಟು ಆ ಕಡೆ ಹೊರಳಿದರು. ಆ ಕಾಯಿಲೆಗಳಲ್ಲಿ ಗಂಟುಗಟ್ಟುವ ಪ್ರೋಟೀನು ಕೈ ನಡುಗಿಸುವ ಜಾಗಕ್ಕೆ ಹೋಗುವ ಮೊದಲೇ ಮೆದುಳಿನ ಕಾಂಡದ ಈ ಬೀಗದ ಹತ್ತಿರ ಸೇರಿಕೊಳ್ಳುತ್ತದೆ ಅನ್ನುವುದು ಸದ್ಯದ ತಿಳಿವಳಿಕೆ. ಅದಕ್ಕೇ ನಮ್ಮ ಡಾಕ್ಟರ್ ತಾತನನ್ನು ಮಲಬದ್ಧತೆ ಇದೆಯಾ, ಒಗ್ಗರಣೆ ವಾಸನೆ ಗೊತ್ತಾಗುತ್ತಾ ಅಂತ ಕೇಳಿದ್ದು. ಅವೂ ಆ ಕಾಯಿಲೆಗಳ ಮುಂಚಿನ ಸುಳಿವುಗಳಾಗಿರಬಹುದು. ಇದು ಬಂದವರಿಗೆಲ್ಲ ನಾಳೆಯೇ ಅದು ಬರುತ್ತದೆ ಅಂತಲ್ಲ. ಹತ್ತು ವರ್ಷ ಏನೂ ಆಗದವರೂ ಇದ್ದಾರೆ. ಆದರೆ ನರರೋಗ ತಜ್ಞರ ಕಣ್ಣಲ್ಲಿ ಇರಬೇಕು.

ತಾತನಿಗೆ ಮಲಗುವ ಮುಂಚೆ ಮೆಲಟೋನಿನ್ ಬರೆದುಕೊಟ್ಟರು. ಕೆಲವರಿಗೆ ಸಣ್ಣ ಪ್ರಮಾಣದ ಕ್ಲೊನಾಜೆಪಾಮ್ ಕೊಡುತ್ತಾರೆ, ಗೊರಕೆ ಇದ್ದವರಿಗೆ ಅಥವಾ ಜೋಲಿ ಹೊಡೆಯುವವರಿಗೆ ಅದು ಒಳ್ಳೆಯದಲ್ಲ. ಇಂಥವನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಗೋಬೇಡಿ. ಮಂಚ ತೆಗೆದು ನೆಲಕ್ಕೆ ಹಾಸಿಗೆ ಹಾಕಿಸಿದರು. ಮೂಲೆಯಲ್ಲಿದ್ದ ಮಚ್ಚು, ಗಾಜಿನ ದೀಪ ಹೊರಗೆ ಹೋದವು. ಅಜ್ಜಿಯ ಹಾಸಿಗೆ ಪಡಸಾಲೆಗೆ ಬಂತು.

ಪರೀಕ್ಷೆಗೆ ದಿನ ಸಿಗುವ ತನಕ ನೀವು ಒಂದು ಕೆಲಸ ಮಾಡಿ. ಮೂರೂವರೆ ನಾಲ್ಕರ ಹೊತ್ತಿಗೆ ಮಾವ ಕೂಗಿದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಗಂಟೆ ಬರೆದುಕೊಳ್ಳಿ. ಹತ್ತಿರ ಹೋಗಿ ಹಿಡಿಯಬೇಡಿ, ದೂರದಿಂದಲೇ ಹೆಸರು ಕರೆದು ಎಬ್ಬಿಸಿ, ಎದ್ದ ಕೂಡಲೇ ಯಾರನ್ನು ಓಡಿಸುತ್ತಿದ್ದರು ಅಂತ ಕೇಳಿ.