ಫೋಟೋ ಮೇಲೆ ಹಾಕಿದ ಅನುವಾದ ಅಂಟಿಸಿದ ಹಾಗೆ ಯಾಕೆ ಕಾಣುತ್ತದೆ?

ಪ್ರಶ್ನೆ: ದಾವಣಗೆರೆಯ ಹೋಟೆಲೊಂದರ ಇಂಗ್ಲಿಷ್ ಮೆನು ಬೋರ್ಡ್ ಫೋಟೋ ಮೇಲೆ ಕನ್ನಡ ಹಾಕುತ್ತಿದ್ದೇನೆ. ಒಂದೊಂದು ಸಾಲು ಒಂದೊಂದು ಸೈಜಿಗೆ ಬರ್ತಿದೆ, ಯಾಕೆ?

ಉತ್ತರ: ಪ್ರತಿ ಸಾಲಿಗೂ ಬೇರೆಬೇರೆ ಸೈಜ್ ಲೆಕ್ಕ ಹಾಕ್ತಿದ್ದೀರಿ, ಅದಕ್ಕೇ. ಬೋರ್ಡ್ ಬರೆದವರು ಎಲ್ಲ ತಿಂಡಿಗೂ ಒಂದೇ ಸೈಜ್ ಇಟ್ಟಿರುತ್ತಾರೆ, ಉದ್ದ ಮಾತ್ರ ಬೇರೆ, ಅಲ್ವಾ? 'ಸ್ಪೈಸಿ ಪಫ್ಡ್ ರೈಸ್' ಇದ್ದ ಉದ್ದ ಜಾಗವನ್ನೆಲ್ಲ ತುಂಬಿಸಲು ಹೋದರೆ 'ಮಂಡಕ್ಕಿ' ದೈತ್ಯನ ಹಾಗೆ ಕಾಣುತ್ತದೆ.

ತನ್ನ ಜಾಗದ ಉದ್ದಕ್ಕೆ ಹೋಲಿಸಿದರೆ ಎಲ್ಲಕ್ಕಿಂತ ಜಾಸ್ತಿ ಹೊರಗೆ ಚಾಚುವ ಸಾಲನ್ನು ಮೊದಲು ಹುಡುಕಿ. ಜಾಗ 300 ಪಿಕ್ಸೆಲ್ ಇದ್ದು, 40ರ ಸೈಜಿನಲ್ಲಿ ಪದ 375 ಪಿಕ್ಸೆಲ್ ಬಂದರೆ, 40 × 300 ÷ 375 = 32. ಇಡೀ ಪಟ್ಟಿಗೆ ಅದೇ 32 ಇಟ್ಟು, ಎಲ್ಲ ಸಾಲನ್ನೂ ಮೂಲದ ಎಡ ಅಂಚಿಗೆ ಹೊಂದಿಸಿ. ಚಿಕ್ಕ ಪದದ ಬಲಕ್ಕೆ ಜಾಗ ಖಾಲಿ ಉಳಿಯಲಿ, ಕಣ್ಣಿಗೆ ಅದೇ ಸಹಜ.

ಎತ್ತರವನ್ನೂ ನೋಡಿ. 'ಬೆಣ್ಣೆ'ಯ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ, ಇಂಗ್ಲಿಷ್ ದೊಡ್ಡಕ್ಷರಗಳು ಇಳಿಯುವುದಿಲ್ಲ, ಹಾಗಾಗಿ ಅದು ಕೆಳಗಿನ ಸಾಲಿಗೆ ತಗುಲಿದರೆ ಸೈಜನ್ನು ಇನ್ನೂ ಸ್ವಲ್ಪ ಇಳಿಸಬೇಕು.

ಬಣ್ಣವನ್ನು ಹಳೆಯ ಅಕ್ಷರದ ಗೆರೆಯ ನಡುವಿನಿಂದಲೇ ತೆಗೆದುಕೊಳ್ಳಿ. ಅಂಚಿನಲ್ಲಿ ಹಿನ್ನೆಲೆಯ ಬಣ್ಣ ಬೆರೆತಿರುತ್ತದೆ, ಅಲ್ಲಿಂದ ತೆಗೆದರೆ ಅಕ್ಷರ ಮಾಸಲಾಗಿ ಕಾಣುತ್ತದೆ.