ಸಂಪಾದಕರ ಉತ್ತರ: ಶೇಟರ ಅಂಗಡಿಯ ಸರಕ್ಕೂ ಡಾಲರಿಗೂ ಏನು ಸಂಬಂಧ?

"ಸಂಪಾದಕರೇ, ಮಗಳ ಮದುವೆಗೆಂದು ಚಾಲಿ ಅಡಿಕೆ ಮಾರಿದ ದುಡ್ಡಿನಲ್ಲಿ ಇಲ್ಲಿಯ ಶೇಟರ ಅಂಗಡಿಯಲ್ಲಿ 50 ಗ್ರಾಂ ಸರ ಮಾಡಿಸಿದೆವು. ಕೊಟ್ಟಿದ್ದು ರೂಪಾಯಿ, ಬಂಗಾರ ಮನೆಯಲ್ಲೇ ಇದೆ. ಇಂಥ ಖರೀದಿಯಿಂದ ರೂಪಾಯಿ ಕುಸಿಯುತ್ತದೆ ಎಂದು ನೀವೂ ಬರೆಯುತ್ತೀರಿ. ಅದು ಹೇಗೆ? ಬಂಗಾರ ಉಳಿತಾಯವಲ್ಲವೇ?"
(ಓದುಗರೊಬ್ಬರು, ಶಿರಸಿ ತಾಲೂಕು)

ಮಾನ್ಯರೇ,

ನೀವು ಕೊಟ್ಟ ರೂಪಾಯಿ ಶೇಟರಲ್ಲಿಯೇ ನಿಲ್ಲುವುದಿಲ್ಲ. ಅವರು ಗಟ್ಟಿ ಚಿನ್ನವನ್ನು ಹುಬ್ಬಳ್ಳಿಯ ಅಥವಾ ಬೆಂಗಳೂರಿನ ಸಗಟು ವ್ಯಾಪಾರಿಯಿಂದ ತರಿಸುತ್ತಾರೆ; ಆ ವ್ಯಾಪಾರಿ ಸಾಮಾನ್ಯವಾಗಿ ಆಮದಿಗೆ ಅನುಮತಿ ಪಡೆದ ಬ್ಯಾಂಕಿನಿಂದ ಕೊಳ್ಳುತ್ತಾನೆ. ಬ್ಯಾಂಕಿನ ಕಪಾಟಿನಲ್ಲಿರುವ ಗಟ್ಟಿ ಎಷ್ಟೋ ಸಲ ವಿದೇಶಿ ಪೂರೈಕೆದಾರನ ಹೆಸರಿನಲ್ಲಿಯೇ ಇರುತ್ತದೆ. ವ್ಯಾಪಾರಿ ದರ ಗೊತ್ತುಮಾಡಿ ಹಣ ಕಟ್ಟಿದ ದಿನ ಅದು ಕೈಬದಲಾಗುತ್ತದೆ. ಆಗ ಬ್ಯಾಂಕು ರೂಪಾಯಿ ಕೊಟ್ಟು ಪೇಟೆಯಲ್ಲಿ ಡಾಲರ್ ಕೊಂಡು ಹೊರಗೆ ಕಳುಹಿಸುತ್ತದೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಹಟ್ಟಿಯಲ್ಲಿ ತೆಗೆಯುವ ಚಿನ್ನ ವರ್ಷಕ್ಕೆ ಒಂದೆರಡು ಟನ್ನಿನ ಲೆಕ್ಕದ್ದು. ಹಾಗಾಗಿ ದೇಶದಲ್ಲಿ ಹೊಸದಾಗಿ ಮಾರಾಟವಾಗುವ ಚಿನ್ನದ ಬಹುಪಾಲು ಹೊರಗಿನದೇ.

50 ಗ್ರಾಮಿನ 22 ಕ್ಯಾರೆಟ್ ಸರದಲ್ಲಿ ಶುದ್ಧ ಚಿನ್ನ 45.8 ಗ್ರಾಂ, ಅಂದರೆ ಒಂದೂವರೆ ಔನ್ಸಿಗೆ ತುಸು ಕಡಿಮೆ. ಔನ್ಸಿಗೆ 1,400 ಡಾಲರ್ ಇದ್ದ 2013ರ ಲೆಕ್ಕದಲ್ಲಿ ಆ ಸರಕ್ಕಾಗಿ ಹೊರಹೋಗುತ್ತಿದ್ದುದು ಸುಮಾರು 2,060 ಡಾಲರ್. ಮಜೂರಿ, ತೆರಿಗೆ, ಶೇಟರ ಲಾಭ ಮಾತ್ರ ಇಲ್ಲೇ ಉಳಿಯುತ್ತವೆ.

ಇನ್ನು ಉಳಿತಾಯದ ಮಾತು. ನಿಮ್ಮ ಮನೆಯ ಲೆಕ್ಕದಲ್ಲಿ ಅದು ಉಳಿತಾಯವೇ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ದೇಶದ ಲೆಕ್ಕಪತ್ರದಲ್ಲಿ ರಿಸರ್ವ್ ಬ್ಯಾಂಕು ತನ್ನ ಮೀಸಲಿಗೆ ಇಟ್ಟುಕೊಳ್ಳುವ ಚಿನ್ನ ಬೇರೆ, ಜನ ಕೊಳ್ಳುವ ಚಿನ್ನ ಬೇರೆ. ಎರಡನೆಯದನ್ನು ಕಚ್ಚಾತೈಲದಂತೆ, ಖಾದ್ಯತೈಲದಂತೆ ಸರಕು ಎಂದೇ ಬರೆಯುತ್ತಾರೆ. ನೀವು ಅದೇ ಹಣದಲ್ಲಿ ಅಮೆರಿಕದ ಕಂಪನಿಯೊಂದರ ಷೇರು ಕೊಂಡಿದ್ದರೆ ಅದು ಹೂಡಿಕೆಯ ಹಣದ ಲೆಕ್ಕವಾದ ಬಂಡವಾಳ ಖಾತೆಗೆ ಹೋಗುತ್ತಿತ್ತು. ಚಿನ್ನವಾದದ್ದರಿಂದ ಮೊದಲು ರಫ್ತಿಗಿಂತ ಆಮದು ಹೆಚ್ಚಾದಷ್ಟೂ ಬೆಳೆಯುವ ವ್ಯಾಪಾರ ಕೊರತೆಯನ್ನೂ, ಅದರ ಮೂಲಕ ಸರಕು, ಸೇವೆ, ಹೊರಗಿನಿಂದ ಮನೆಗಳಿಗೆ ಬರುವ ಹಣ ಎಲ್ಲವನ್ನೂ ಸೇರಿಸಿ ಬರೆಯುವ ಚಾಲ್ತಿ ಖಾತೆಯ ಕೊರತೆಯನ್ನೂ ಹಿಗ್ಗಿಸುತ್ತದೆ. ಈ ವಿಂಗಡಣೆ ಸ್ವಲ್ಪ ಕೃತಕವೆಂದು ವಾದಿಸುವವರಿದ್ದಾರೆ, ಅವರ ವಾದದಲ್ಲಿ ಹುರುಳೂ ಇದೆ. ಆದರೆ ಯಾವ ಖಾತೆಯಲ್ಲಿ ಬರೆದರೂ ಡಾಲರ್ ಹೊರಹೋಗುವುದು ಅಷ್ಟೇ. ಷೇರಾದರೆ ಮುಂದೆ ಲಾಭಾಂಶ ತರಬಹುದು, ಕಪಾಟಿನ ಸರ ಒಂದು ಡಾಲರನ್ನೂ ಗಳಿಸಿ ಕೊಡುವುದಿಲ್ಲ.

ಇದು ದೇಶದ ಮಟ್ಟದಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ 2013ಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ಆ ವರ್ಷ ಏಪ್ರಿಲ್ ಮಧ್ಯದಲ್ಲಿ ಎರಡೇ ವಹಿವಾಟಿನ ದಿನಗಳಲ್ಲಿ ಚಿನ್ನದ ಬೆಲೆ ಔನ್ಸಿಗೆ ಸುಮಾರು 200 ಡಾಲರ್ ಇಳಿಯಿತು. ಅಗ್ಗವಾಯಿತೆಂದು ಜನ ಅಂಗಡಿಗಳಿಗೆ ಮುಗಿಬಿದ್ದರು. ಆಮದು ಏಪ್ರಿಲಿನಲ್ಲಿ 142 ಟನ್, ಮೇ ತಿಂಗಳಲ್ಲಿ 162 ಟನ್ ಆಯಿತು. ಟನ್ನಿಗೆ 32,150 ಔನ್ಸ್ ಎಂದು ಹಿಡಿದರೆ ಮೇ ತಿಂಗಳ ಚಿನ್ನಕ್ಕೆ ಹತ್ತಿರಹತ್ತಿರ 730 ಕೋಟಿ ಡಾಲರ್ ಬೇಕಾಯಿತು. ಆ ತಿಂಗಳ ಒಟ್ಟು ವ್ಯಾಪಾರ ಕೊರತೆ ಸುಮಾರು 2,000 ಕೋಟಿ ಡಾಲರ್.

ಹಾಗೆಂದು ಚಿನ್ನವೊಂದೇ ರೂಪಾಯಿಯನ್ನು ಕೆಡವಿತೆಂದರೆ ತಪ್ಪಾಗುತ್ತದೆ. ಅದರ ಹಿಂದಿನ ವರ್ಷ, 2012-13ರಲ್ಲಿ, ಚಾಲ್ತಿ ಖಾತೆಯ ಕೊರತೆ 8,800 ಕೋಟಿ ಡಾಲರ್ ದಾಟಿ ಒಟ್ಟು ದೇಶೀಯ ಉತ್ಪನ್ನದ ಶೇ. 4.8ಕ್ಕೆ ಮುಟ್ಟಿತ್ತು, ಅದೇ ವರ್ಷ ಚಿನ್ನದ ಬಿಲ್ಲು ಸುಮಾರು 5,400 ಕೋಟಿ ಡಾಲರ್. ಆದರೂ ರೂಪಾಯಿ ಹೇಗೋ ನಿಂತಿತ್ತು, ಏಕೆಂದರೆ ವಿದೇಶಿ ಹೂಡಿಕೆದಾರರು ಇಲ್ಲಿಯ ಷೇರು ಮತ್ತು ಸಾಲಪತ್ರಗಳಿಗೆ ತರುತ್ತಿದ್ದ ಡಾಲರ್ ಆ ಕಂದಕವನ್ನು ತುಂಬುತ್ತಿತ್ತು. 2013ರ ಮೇ 22ರಂದು ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಬೆನ್ ಬರ್ನಾಂಕಿ ಅವರು ತಮ್ಮ ಬಾಂಡ್ ಖರೀದಿಯನ್ನು ತಗ್ಗಿಸುವ ಸೂಚನೆ ಕೊಟ್ಟರು, ಆ ಹಣ ಹಿಂತಿರುಗತೊಡಗಿತು. ಚಿನ್ನಕ್ಕೂ ತೈಲಕ್ಕೂ ಡಾಲರ್ ಬೇಕೆನ್ನುವವರು ಸಾಲುಗಟ್ಟಿ ನಿಂತಿದ್ದರು, ಕೊಡುವವರು ಕಡಿಮೆಯಾದರು. ಮೇ ಆರಂಭದಲ್ಲಿ 54ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ 28ರಂದು 68 ರೂಪಾಯಿ ದಾಟಿತು. ದೊಡ್ಡ ಕೊರತೆಯೊಂದು ರೂಪಾಯಿಯನ್ನು ತಾನಾಗಿ ಬೀಳಿಸುವುದಿಲ್ಲ, ಪರರ ಹಣದ ಮೇಲೆ ನಿಲ್ಲಿಸಿಡುತ್ತದೆ; ಆ ಹಣ ಕದಲಿದಾಗ ಬೀಳುವ ಪೆಟ್ಟು ಜೋರಾಗಿರುತ್ತದೆ. ರೂಪಾಯಿ ಬಿದ್ದಂತೆ ಇಲ್ಲಿಯ ಚಿನ್ನದ ದರ ಏರುತ್ತದೆ, ದರ ಏರುವುದನ್ನು ಕಂಡವರು ಇನ್ನೂ ಏರೀತೆಂದು ಇನ್ನಷ್ಟು ಕೊಳ್ಳುತ್ತಾರೆ ಎಂಬ ತಾಪತ್ರಯವೂ ಇದರ ಜೊತೆಗಿದೆ.

ಸರ್ಕಾರ ಚಿನ್ನದ ಮೇಲೆಯೇ ಕೈಯಿಟ್ಟದ್ದಕ್ಕೆ ಕಾರಣ ಸರಳ: ಪೆಟ್ರೋಲು ಮುಂದೂಡಲಾಗದು, ಸರ ಮುಂದೂಡಬಹುದು. ಆಮದು ಸುಂಕ ಆ ವರ್ಷ ಜನವರಿಯಲ್ಲಿ ಶೇ. 6, ಜೂನ್‌ನಲ್ಲಿ 8, ಆಗಸ್ಟ್‌ನಲ್ಲಿ 10 ಆಯಿತು; ತಂದ ಚಿನ್ನದಲ್ಲಿ ಐದನೆಯ ಒಂದು ಭಾಗವನ್ನು ರಫ್ತಿಗೆ ಮೀಸಲಿಡಬೇಕೆಂಬ ನಿಯಮವೂ ಬಂತು. 2013-14ರಲ್ಲಿ ಚಿನ್ನದ ಬಿಲ್ಲು 2,900 ಕೋಟಿ ಡಾಲರಿನೊಳಗೆ ಇಳಿಯಿತು, ಚಾಲ್ತಿ ಖಾತೆಯ ಕೊರತೆ ಸುಮಾರು 3,240 ಕೋಟಿಗೆ ಬಂತು. ಕೊರತೆ ಇಳಿದದ್ದರಲ್ಲಿ ಅರ್ಧಕ್ಕೆ ಹತ್ತಿರದ ಪಾಲು ಕಾಗದದ ಮೇಲೆ ಚಿನ್ನದ್ದು.

ಕಾಗದದ ಮೇಲೆ ಎಂದು ಬೇಕೆಂದೇ ಬರೆದೆ. ಸುಂಕ ಶೇ. 10 ಎಂದರೆ ಕಿಲೋ ಚಿನ್ನವನ್ನು ಕದ್ದು ತಂದವನಿಗೆ ಆಗಿನ ದರದಲ್ಲಿ ಎರಡೂವರೆ ಲಕ್ಷಕ್ಕೂ ಮೇಲ್ಪಟ್ಟು ಉಳಿಯುತ್ತಿತ್ತು, ಹಾಗಾಗಿ ಕಳ್ಳಸಾಗಣೆ ಹೆಚ್ಚಿತು. ಈ ಚಿನ್ನ ಆಮದಿನ ಅಂಕಿಅಂಶದಲ್ಲಿ ಬರುವುದಿಲ್ಲ, ಆದರೆ ಅದಕ್ಕೂ ಯಾರೋ ಡಾಲರನ್ನೋ ದಿರಮನ್ನೋ ಕೊಡಲೇಬೇಕು. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಗಲ್ಫಿನಿಂದ ಹಣ ಬರುತ್ತದೆ. ಅದು ಬ್ಯಾಂಕಿನ ಮೂಲಕ ಬಂದರೆ ಚಾಲ್ತಿ ಖಾತೆಗೆ ಜಮೆ. ಅದೇ ಹಣವನ್ನು ಹವಾಲಾದವನು ಅಲ್ಲಿಯೇ ಪಡೆದು ಚಿನ್ನಕ್ಕೆ ತೊಡಗಿಸಿ, ಇಲ್ಲಿ ಮನೆಯವರಿಗೆ ರೂಪಾಯಿ ಕೊಟ್ಟರೆ, ದೇಶಕ್ಕೆ ಬರಬೇಕಿದ್ದ ಡಾಲರ್ ದೇಶಕ್ಕೆ ಬರುವುದೇ ಇಲ್ಲ. ಆಮದಿನ ಅಂಕಿ ಚಂದವಾಗಿ ಕಾಣುತ್ತದೆ, ರೂಪಾಯಿಯ ಮೇಲಿನ ಒತ್ತಡದ ಒಂದು ಪಾಲು ಹಾಗೆಯೇ ಉಳಿಯುತ್ತದೆ. 2024ರ ಜುಲೈನಲ್ಲಿ ಸುಂಕವನ್ನು ಶೇ. 15ರಿಂದ 6ಕ್ಕೆ ಇಳಿಸಿದ್ದಕ್ಕೆ ಈ ಕಳ್ಳದಾರಿಯ ಚಿಂತೆಯೂ ಒಂದು ಕಾರಣ.

ಮುಂದೆ ಪತ್ರಿಕೆಗಳಲ್ಲಿ ಆಮದಿನ ಸುದ್ದಿ ಓದುವಾಗ ಡಾಲರಿನ ಮೊತ್ತದ ಜೊತೆಗೆ ಟನ್ನನ್ನೂ ನೋಡಿ. 2023-24ರಲ್ಲಿ 795 ಟನ್ ಚಿನ್ನಕ್ಕೆ ಸುಮಾರು 4,550 ಕೋಟಿ ಡಾಲರ್ ತೆತ್ತಿದ್ದೇವೆ. ಮರುವರ್ಷ 757 ಟನ್ನಿಗೆ 5,800 ಕೋಟಿ. ಕೊಂಡದ್ದು ಕಡಿಮೆ, ಕೊಟ್ಟದ್ದು ಹೆಚ್ಚು. ಇಂಥ ವರ್ಷದಲ್ಲಿ ಜನರ ಆಸೆಯನ್ನು ದೂರಿ ಪ್ರಯೋಜನವಿಲ್ಲ, ಏರಿದ್ದು ವಿಶ್ವದ ದರ.

ನಿಮ್ಮ ಸರವನ್ನು ಪೂರ್ತಿ ಹೊಸ ಚಿನ್ನದಲ್ಲಿ ಮಾಡಿಸಿದಿರೋ, ಮನೆಯ ಹಳೆಯ ಒಡವೆಯನ್ನು ಕರಗಿಸಿಯೋ ಎಂಬುದನ್ನು ನೀವು ಬರೆದಿಲ್ಲ. ಹಳೆಯದನ್ನು ಕೊಟ್ಟು ಮಾಡಿಸಿದ್ದರೆ ಮೇಲೆ ಹೇಳಿದ ಸರಪಳಿ ನಿಮ್ಮ ಮಟ್ಟಿಗೆ ಬಹುತೇಕ ಶೇಟರ ಕುಲುಮೆಯಲ್ಲೇ ಮುಗಿಯಿತು. ತೂಕದಲ್ಲಿ ಎಷ್ಟು ಕಡಿಮೆ ಬಿತ್ತೋ ಅಷ್ಟಕ್ಕೆ ಮಾತ್ರ ಡಾಲರ್ ಬೇಕಾಗಿರುತ್ತದೆ.

ಸಂ.