ಸ್ಟೀರಿಂಗ್ ಕಮಿಟಿಯ ನೋಟ್ಸ್: ಯಾವುದು ನಿರ್ಧಾರ, ಯಾವುದು ರಿಸ್ಕ್?

ಪ್ರಶ್ನೆ: ಮೀಟಿಂಗ್‌ನಲ್ಲಿ ಗೀಚಿಕೊಂಡಿದ್ದರಲ್ಲಿ ಎಲ್ಲ ಕಲಸಿಹೋಗಿರುತ್ತೆ. ನಿರ್ಧಾರ, ರಿಸ್ಕ್, ಎಸ್ಕಲೇಶನ್ ಬೇರೆ ಮಾಡೋದು ಹೇಗೆ?

ಯಾರ ನಂತರ ಯಾರು ಮಾತಾಡಿದರು ಎಂಬ ಕ್ರಮವನ್ನು ಮೊದಲು ಮರೆತುಬಿಡಿ. ಅದನ್ನು ಹಿಡಿದುಕೊಂಡೇ ಎಷ್ಟೋ ಜನ ಎರಡೆರಡು ಪುಟ ವರದಿ ಕಳಿಸುತ್ತಾರೆ. ಏನು ತೀರ್ಮಾನವಾಯಿತು ಎಂದು ಅದರಲ್ಲಿ ಹುಡುಕಿದರೂ ಸಿಗುವುದಿಲ್ಲ.

ಹೊಸ ಸಿಸ್ಟಮ್ ಬಳಕೆಗೆ ಬರುವ ದಿನ, ಅಂದರೆ ಗೋ-ಲೈವ್, ಜೂನ್ 1 ಇದೆ, ನಿಮ್ಮ ನೋಟ್ಸ್ ಹೀಗಿದೆ ಅಂದುಕೊಳ್ಳಿ: "ವೆಂಡರ್ ಟೆಸ್ಟ್ ಡೇಟಾ ಕೊಟ್ಟಿಲ್ಲ. ಜೂನ್ 1ರ ಗೋ-ಲೈವ್ ಕಷ್ಟ. ಚೇರ್: ಇರಲಿ, ನೋಡೋಣ. ಇನ್ನಿಬ್ಬರು ಟೆಸ್ಟರ್ ಬೇಕು, ಹಣ ನಮ್ಮ ಕೈಲಿಲ್ಲ."

ಡೇಟಾ ಬಂದಿಲ್ಲ ಅನ್ನೋದು ರಿಸ್ಕ್ ಅಲ್ಲ. ಅದು ಆಗಲೇ ಆಗಿಹೋಗಿದೆ, ಹಾಗಾಗಿ ಇಶ್ಯೂ. ಜಾಸ್ತಿ ಜನ ಎಡವೋದು ಇಲ್ಲೇ. ರಿಸ್ಕ್ ಅಂದರೆ ಮುಂದೆ ಆಗಬಹುದಾದದ್ದು. ಕಾರಣ, ಘಟನೆ, ಪರಿಣಾಮ ಮೂರೂ ಇರುವ ಹಾಗೆ ಬರೆಯಿರಿ: "ಡೇಟಾ ತಡವಾಗಿರುವುದರಿಂದ ಟೆಸ್ಟಿಂಗ್ ಅರ್ಧಕ್ಕೇ ನಿಲ್ಲಬಹುದು, ಆಗ ಗೋ-ಲೈವ್ ಮುಂದೆ ಹೋಗುತ್ತದೆ." ಪಕ್ಕದಲ್ಲಿ ಅದನ್ನು ನೋಡಿಕೊಳ್ಳುವ ಒಬ್ಬರ ಹೆಸರು ಇರಲಿ. "ಪ್ರಾಜೆಕ್ಟ್ ಟೀಮ್" ಅಂತ ಬರೆದರೆ ಯಾರೂ ನೋಡಿಕೊಳ್ಳುವುದಿಲ್ಲ.

ಇನ್ನು ಆ "ಇರಲಿ, ನೋಡೋಣ". ಅದು ನಿರ್ಧಾರವಲ್ಲ. ದಿನಾಂಕ ಬದಲಾಗದು ಎಂದೋ, ಈಗ ಆ ಮಾತು ಬೇಡ ಎಂದೋ? ನೀವೇ ಊಹಿಸಿ ಬರೆಯಬೇಡಿ. ಎಲ್ಲರೂ ಏಳುವ ಮುಂಚೆ ಚೇರ್ ಅವರನ್ನೇ ಕೇಳಿ: "ಸರ್, ಜೂನ್ 1 ಖಾಯಂ ಅಂತ ಬರೆದುಕೊಳ್ಳಲಾ?" ಆ ಹೊತ್ತು ದಾಟಿದ್ದರೆ ಅದೇ ದಿನ ಒಂದು ಸಾಲಿನ ಮೇಲ್ ಹಾಕಿ. ಉತ್ತರ ಬರುವ ತನಕ ಅದನ್ನು "ಬಾಕಿ ನಿರ್ಧಾರ" ಅಂತಲೇ ಇಡಿ. ಚೇರ್ ಖಾಯಂ ಎಂದು ಹೇಳಿದರೆ, ದಿನಾಂಕ ಮುಂದೂಡುವ ಮಾತು ಬಂದಿತ್ತು, ಒಪ್ಪಲಿಲ್ಲ ಎಂಬುದನ್ನೂ ಸೇರಿಸಿ. ಇಲ್ಲದಿದ್ದರೆ ಮುಂದಿನ ಮೀಟಿಂಗ್‌ನಲ್ಲಿ ಅದೇ ಚರ್ಚೆ ಮತ್ತೆ ಶುರುವಾಗುತ್ತೆ.

ಟೆಸ್ಟರ್‌ಗಳ ಹಣ ಎಸ್ಕಲೇಶನ್, ಯಾಕೆಂದರೆ ಅದನ್ನು ಮಂಜೂರು ಮಾಡುವ ಅಧಿಕಾರ ಈ ಕಮಿಟಿಗಿಲ್ಲ, ಅಧಿಕಾರ ಇರುವ ಮೇಲಿನವರನ್ನೇ ಕೇಳಬೇಕು. "ಮೇಲಿನವರ ಗಮನಕ್ಕೆ ತರಲಾಯಿತು" ಎಂದು ಬರೆದರೆ ಯಾರೂ ಏನೂ ಮಾಡಬೇಕಾಗಿಲ್ಲ. ಯಾರಿಂದ, ಏನು, ಯಾವ ದಿನದೊಳಗೆ ಬೇಕು, ಬಾರದಿದ್ದರೆ ಏನಾಗುತ್ತೆ ಎಂದು ಬರೆಯಿರಿ: "ಇಬ್ಬರು ಟೆಸ್ಟರ್‌ಗಳ ಖರ್ಚಿಗೆ ಹಣಕಾಸು ಮುಖ್ಯಸ್ಥರ ಒಪ್ಪಿಗೆ ಮೇ 5ರೊಳಗೆ ಬೇಕು. ಬಾರದಿದ್ದರೆ ಜೂನ್ 1ರ ದಿನಾಂಕ ಮತ್ತೆ ಕಮಿಟಿ ಮುಂದೆ ಬರುತ್ತದೆ." ಆ ಕೊನೆಯ ಸಾಲಿಗೂ ಚೇರ್ ಒಪ್ಪಿರಬೇಕು.

ಪ್ರಶ್ನೆ: ಮೀಟಿಂಗ್ ರೆಕಾರ್ಡ್ ಮಾಡಿದ್ದೇವೆ, ಅದೇ ಸಾಕಲ್ವಾ?

ಸಾಲದು. ಒಂದು ನಿರ್ಧಾರಕ್ಕಾಗಿ ಒಂದೂವರೆ ಗಂಟೆ ಕೂತು ಯಾರೂ ಕೇಳುವುದಿಲ್ಲ.

ಪ್ರಶ್ನೆ: ರಿಸ್ಕ್‌ಗೆ ಕೆಂಪು, ಹಳದಿ, ಹಸಿರು ಬಣ್ಣ ಕೊಟ್ಟರೆ ಆಯ್ತಾ?

ಬಣ್ಣ ಆಮೇಲೆ, ಮೊದಲು ಹೆಸರು ಮತ್ತು ದಿನಾಂಕ ಹಾಕಿ.

ಪ್ರಶ್ನೆ: ಕಳಿಸಿದ ಮೇಲೆ ಒಬ್ಬ ಸದಸ್ಯರು "ನಾನು ಹಾಗೆ ಒಪ್ಪಿರಲಿಲ್ಲ" ಅಂದರೆ?

ಹಳೆಯ ಸಾಲನ್ನು ಸದ್ದಿಲ್ಲದೆ ತಿದ್ದಬೇಡಿ. ಅವರ ಆಕ್ಷೇಪವನ್ನು ತಾರೀಖಿನ ಸಮೇತ ಕೆಳಗೆ ಸೇರಿಸಿ. ನಿರ್ಧಾರ ಬದಲಿಸಬೇಕೋ ಬೇಡವೋ ಎಂಬುದನ್ನು ಚೇರ್ ಹೇಳಲಿ.